ಹಾಲು ಕಕ್ಕುತ್ತೆ, ಸಂಜೆಯಾದ್ರೆ ಅಳುತ್ತೆ: ಹೊಟ್ಟೆಯಲ್ಲಿ ತೊಂದರೆ ಇದೆಯಾ?

ನಮ್ಮ ಮಗಳಿಗೆ ಆಗ ಐದು ವಾರ. ಹೆಂಡತಿ ಬಾಣಂತನಕ್ಕೆ ಶಿವಮೊಗ್ಗದ ತವರಿನಲ್ಲಿದ್ದಳು. ನಾನು ಅಲ್ಲೇ ಮಹಡಿ ಮೇಲಿನ ರೂಮಲ್ಲಿ ಕೂತು ವರ್ಕ್ ಫ್ರಮ್ ಹೋಮ್ ಮಾಡ್ತಿದ್ದೆ. ಸಂಜೆ ಆರೂವರೆ ಆಯ್ತು ಅಂದ್ರೆ ಕೆಳಗಿನಿಂದ ಅಳು ಶುರು. ಮುಷ್ಟಿ ಬಿಗಿದು, ಕಾಲು ಹೊಟ್ಟೆಗೆ ಎಳ್ಕೊಂಡು, ಮುಖ ಕೆಂಪಗೆ ಮಾಡ್ಕೊಂಡು ಅಳೋದು. ಹಾಲು ಕೊಟ್ಟರೆ ಐದು ನಿಮಿಷ ಸುಮ್ಮನಾಗಿ, ಕುಡಿದದ್ದನ್ನು ಹೆಗಲ ಮೇಲೆ ಕಕ್ಕಿ, ಮತ್ತೆ ಅಳೋದು.

"ಕಕ್ಕೋ ಮಕ್ಕಳು ಚೆನ್ನಾಗೇ ಬೆಳೀತಾವೆ ಬಿಡಿ ಅಳಿಯಂದ್ರೇ" ಅಂತ ಅತ್ತೆ. "ಇಲ್ಲಾರೀ, ಹಾಲು ಜೀರ್ಣ ಆಗ್ತಿಲ್ಲ, ಅದಕ್ಕೇ ಹೊಟ್ಟೆನೋವು" ಅಂತ ಹೆಂಡತಿ. ಪಕ್ಕದ ಮನೆಯವರು ದೃಷ್ಟಿ ತೆಗೆಯಿರಿ ಅಂದರು. ನಾನು ನನಗೆ ಗೊತ್ತಿರೋ ಒಂದೇ ಕೆಲಸ ಮಾಡಿದೆ, ಒಂದು ಶೀಟ್ ಮಾಡಿ ಲಾಗ್ ಬರೆಯೋಕೆ ಶುರು ಮಾಡಿದೆ. ಹಾಲು ಕುಡಿದ ಹೊತ್ತು, ಕಕ್ಕಿದ ಹೊತ್ತು, ಅತ್ತ ಹೊತ್ತು, ಒದ್ದೆಯಾದ ನ್ಯಾಪಿ. ಏಳು ದಿನ.

ಮೊದಲು ಕಕ್ಕೋದರ ವಿಷಯ. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಉಂಗುರದಂಥ ಒಂದು ಸ್ನಾಯು ಇರುತ್ತೆ. ದೊಡ್ಡವರಲ್ಲಿ ಅದು ಬಾಗಿಲಿನ ಹಾಗೆ ಬಿಗಿಯಾಗಿ ಮುಚ್ಚಿಕೊಳ್ಳುತ್ತೆ. ಎಳೆ ಮಗುವಿನಲ್ಲಿ ಅದು ಆಗಾಗ ಸಡಿಲವಾಗುತ್ತೆ. ಅದರ ಜೊತೆಗೆ ಹೊಟ್ಟೆ ಚಿಕ್ಕದು, ಆಹಾರವೆಲ್ಲ ದ್ರವ, ದಿನವೆಲ್ಲ ಮಲಗೇ ಇರೋದು. ತುಂಬಿದ ಬಾಟಲಿಗೆ ಸಡಿಲ ಮುಚ್ಚಳ ಹಾಕಿ ಅಡ್ಡ ಮಲಗಿಸಿದರೆ ಏನಾಗುತ್ತೋ ಅದೇ ಇಲ್ಲೂ ಆಗೋದು. ಮೂರು ತಿಂಗಳೊಳಗಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೇ ತಿಂಗಳ ಹೊತ್ತಿಗೆ ಇದು ಜಾಸ್ತಿಯಾಗಿ, ಮಗು ಕೂರೋಕೆ ಶುರು ಮಾಡಿದ ಮೇಲೆ ಕಡಿಮೆಯಾಗುತ್ತಾ ಬಂದು, ಒಂದು ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ನಿಂತೇ ಹೋಗುತ್ತೆ. ಮೊಸರಿನ ಹಾಗೆ ಒಡೆದು ಬಂದರೂ ಗಾಬರಿ ಬೇಡ. ಹೊಟ್ಟೆಯ ಆಮ್ಲ ಸೇರಿದ ಹಾಲು ಹಾಗೇ ಆಗಬೇಕು, ಅದೇ ಜೀರ್ಣದ ಮೊದಲ ಹಂತ.

"ಕುಡಿದದ್ದೆಲ್ಲಾ ಹೊರಗೆ ಬಂತು" ಅಂತ ಹೆಂಡತಿ ಅಳುಮುಖ ಮಾಡಿದ ದಿನ ಒಂದು ಪ್ರಯೋಗ ಮಾಡಿದೆ. ಔಷಧಿಯ ಅಳತೆ ಮುಚ್ಚಳದಲ್ಲಿ 10 ಮಿ.ಲೀ. ಹಸುವಿನ ಹಾಲು ತಗೊಂಡು ಒಂದು ಹಳೇ ಪಂಚೆ ಮೇಲೆ ಸುರಿದೆ. ಅಂಗೈಗಿಂತ ಅಗಲಕ್ಕೆ ಹರಡಿತು. ನಮ್ಮ ಹೆಗಲ ಮೇಲಿನ ಕಲೆ ಅದಕ್ಕಿಂತ ಚಿಕ್ಕದೇ ಇತ್ತು. ನೀವೂ ಮಾಡಿ ನೋಡಿ, ಬಟ್ಟೆ ಮೇಲೆ ಎರಡು ಚಮಚ ಹಾಲು ಅರ್ಧ ಲೀಟರ್ ಥರ ಕಾಣುತ್ತೆ.

ಇನ್ನು ಅಳು. 1954ರಲ್ಲಿ ವೆಸೆಲ್ ಅನ್ನೋ ಮಕ್ಕಳ ವೈದ್ಯರು ಮತ್ತು ಅವರ ಜೊತೆಗಾರರು 'ಕಾಲಿಕ್'ಗೆ ಒಂದು ಲೆಕ್ಕ ಕೊಟ್ಟರು: ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು, ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ವಾರಕ್ಕೂ ಮೀರಿ ಅಳೋ ಆರೋಗ್ಯವಂತ ಮಗು. ಈಗಿನ ವೈದ್ಯರು ಅಷ್ಟು ಗಡಿಯಾರ ಹಿಡಿದು ಕೂರೋದಿಲ್ಲ. ಕಾರಣವೇ ಕಾಣದೆ, ಏನು ಮಾಡಿದರೂ ಸಮಾಧಾನವಾಗದೆ ಪದೇಪದೇ ಅಳುತ್ತಾ, ತೂಕ ಚೆನ್ನಾಗಿದ್ದು ಜ್ವರ ಇಲ್ಲದಿದ್ದರೆ ಕಾಲಿಕ್ ಅಂತಾರೆ. ಎಲ್ಲಾ ಮಕ್ಕಳ ಅಳುವೂ ಎರಡನೇ ವಾರದಿಂದ ಏರುತ್ತಾ ಹೋಗಿ, ಆರನೇ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತೆ. ಕಾಲಿಕ್ ಮಗುವಿನಲ್ಲಿ ಅದೇ ಏರಿಳಿತ, ಎತ್ತರ ಮಾತ್ರ ಜಾಸ್ತಿ. ಕಾಲು ಮಡಚೋದು, ಗ್ಯಾಸ್ ಬಿಡೋದು ನೋಡಿ ನಾವು ಹೊಟ್ಟೆನೋವು ಅಂದ್ಕೊಳ್ತೀವಿ. ಆದರೆ ಯಾವ ಕಾರಣಕ್ಕೆ ಅತ್ತರೂ ಮಗು ಕಾಲು ಮಡಚುತ್ತೆ, ಅಳುವಾಗ ನುಂಗಿದ ಗಾಳಿ ಆಮೇಲೆ ಗ್ಯಾಸ್ ಆಗಿ ಹೊರಗೆ ಬರುತ್ತೆ.

ಏಳನೇ ದಿನ ಶೀಟ್ ನೋಡಿದಾಗ ನನ್ನದೇ ತಪ್ಪು ಕಾಣಿಸ್ತು. 'ಹಾಲು ಕುಡಿದ ಮೇಲೆ ಅಳುತ್ತೆ' ಅಂತ ನಾವು ಹೇಳ್ತಿದ್ವಿ. ಮಗು ದಿನಕ್ಕೆ ಹತ್ತು-ಹನ್ನೊಂದು ಸಲ ಕುಡಿಯುತ್ತೆ. ಹಾಗಿರುವಾಗ ಅದು ಏನೇ ಮಾಡಿದರೂ 'ಹಾಲು ಕುಡಿದ ಮೇಲೆ'ಯೇ ಆಗೋದು! ಕಕ್ಕಿದ ಸಾಲುಗಳನ್ನೂ ಅತ್ತ ಸಾಲುಗಳನ್ನೂ ಬೇರೆ ಮಾಡಿದೆ. ಬೆಳಿಗ್ಗೆ ಕುಡಿದ ಮೇಲೆ ಅತಿ ಹೆಚ್ಚು ಕಕ್ಕಿದ್ದಳು, ಕಕ್ಕಿ ನಗ್ತಾ ಇದ್ದಳು. ಅಳು ಪೂರ್ತಿ ಆರೂವರೆಯಿಂದ ಒಂಬತ್ತೂವರೆ ಒಳಗೆ. ಸಂಜೆ ಕಕ್ಕಿದ್ದು ಅತ್ತ ಮೇಲೆ, ಅದಕ್ಕೆ ಮುಂಚೆ ಅಲ್ಲ. ಅತ್ತಾಗಲೆಲ್ಲ ಮತ್ತೆ ಹಾಲು ಕೊಡ್ತಿದ್ವಿ, ತುಂಬಿದ ಹೊಟ್ಟೆ ಮೇಲೆ ಅತ್ತು ಒತ್ತಿದರೆ ಬರದೆ ಇನ್ನೇನು? ಅದನ್ನು ನೋಡಿ 'ಹಾಲು ಸಾಲ್ತಿಲ್ಲ, ಒಗ್ಗುತ್ತಿಲ್ಲ, ಪುಡಿ ಹಾಲು ತರೋಣ' ಅನ್ನೋವರೆಗೆ ಹೋಗಿದ್ವಿ.

ಆರನೇ ವಾರ ಮಕ್ಕಳ ಡಾಕ್ಟರ ಹತ್ರ ಹೋದಾಗ ಅವರು ನನ್ನ ಶೀಟ್ ಮೇಲೆ ಕಣ್ಣಾಡಿಸಿ ಪಕ್ಕಕ್ಕಿಟ್ಟು ತೂಕ ಮಾಡಿಸಿದರು. ಹುಟ್ಟಿದಾಗ 3.1 ಕೆ.ಜಿ. ಮೊದಲು ಸ್ವಲ್ಪ ಇಳಿದು ಹದಿನಾಲ್ಕನೇ ದಿನ ಮತ್ತೆ 3.1. ನಲವತ್ತೆರಡನೇ ದಿನ 3.9. ಅಂದರೆ 28 ದಿನಕ್ಕೆ 800 ಗ್ರಾಂ, ದಿನಕ್ಕೆ ಹೆಚ್ಚುಕಡಿಮೆ 28 ಗ್ರಾಂ. ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕು. ಒದ್ದೆ ನ್ಯಾಪಿ ದಿನಕ್ಕೆ ಆರಕ್ಕಿಂತ ಜಾಸ್ತಿ ಇತ್ತು. "ಹಾಲು ಜೀರ್ಣ ಆಗದೆ ಈ ತೂಕ ಎಲ್ಲಿಂದ ಬರಬೇಕು ಹೇಳಿ?" ಅಂದರು. ಆಮ್ಲ ಕಡಿಮೆ ಮಾಡೋ ಔಷಧಿ ಕೇಳಿದ್ದಕ್ಕೆ, ಇಂಥ ಅಳುವಿಗೆ ಅದು ಕೆಲಸ ಮಾಡೋಲ್ಲ ಅಂದರು. ಗ್ರೈಪ್ ವಾಟರ್, ತೇಯ್ದ ಬಜೆ ಯಾವುದೂ ಬಾಯಿಗೆ ಬೇಡ, ಆರು ತಿಂಗಳು ತಾಯಿ ಹಾಲು ಮಾತ್ರ. ಡೈಸೈಕ್ಲೋಮಿನ್ ಇರೋ ಹೊಟ್ಟೆನೋವಿನ ಡ್ರಾಪ್ಸ್ ಅಂತೂ ಆರು ತಿಂಗಳೊಳಗೆ ಮುಟ್ಟಲೇಬೇಡಿ, ಉಸಿರಾಟಕ್ಕೆ ತೊಂದರೆಯಾಗಬಹುದು ಅಂತ ಒತ್ತಿ ಹೇಳಿದರು. ಅತ್ತೆಗೆ ಬಜೆ ವಿಷಯದಲ್ಲಿ ಸ್ವಲ್ಪ ಬೇಜಾರಾಯ್ತು.

ಹಾಗಂತ ಎಲ್ಲಾ ಕಕ್ಕೋದೂ ಒಂದೇ ಅಲ್ಲ. ನನ್ನ ಟೀಮಿನ ಗೆಳೆಯನೊಬ್ಬನ ಮಗ ನಾಲ್ಕನೇ ವಾರದಲ್ಲಿ ಪ್ರತಿ ಸಲ ಕುಡಿದ ಮೇಲೂ ಚಿಮ್ಮುವ ಹಾಗೆ ವಾಂತಿ ಮಾಡೋಕೆ ಶುರು ಮಾಡಿದ. ನಮ್ಮವಳದ್ದು ಬಾಯಿಂದ ಜಾರುತ್ತಿತ್ತು, ಅವನದ್ದು ದೂರಕ್ಕೆ ಹಾರುತ್ತಿತ್ತು. ವಾಂತಿಯಾದ ತಕ್ಷಣ ಹಸಿದವನ ಹಾಗೆ ಮತ್ತೆ ಹಾಲು ಹುಡುಕೋನು. ನಾಲ್ಕೈದು ದಿನದಲ್ಲಿ ತೂಕ ಇಳೀತು, ನ್ಯಾಪಿ ಒಣಗಿರೋಕೆ ಶುರುವಾಯ್ತು. ಸ್ಕ್ಯಾನ್‌ನಲ್ಲಿ ಗೊತ್ತಾಗಿದ್ದು ಪೈಲೋರಿಕ್ ಸ್ಟೆನೋಸಿಸ್: ಹೊಟ್ಟೆಯಿಂದ ಕರುಳಿಗೆ ಹೋಗೋ ದಾರಿಯ ಸ್ನಾಯು ದಪ್ಪಗಾಗಿ ಹಾಲು ಮುಂದೆ ಹೋಗೋಕೆ ಜಾಗ ಇಲ್ಲ. ಡ್ರಿಪ್ ಹಾಕಿ ನೀರು, ಲವಣ ಸರಿ ಮಾಡಿ ಆಮೇಲೆ ಚಿಕ್ಕ ಆಪರೇಷನ್ ಮಾಡಿದರು. ಈಗ ಓಡಾಡ್ಕೊಂಡಿದ್ದಾನೆ.

ವಾಂತಿ ಹಸಿರಾಗಿದ್ದರೆ ಅಥವಾ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಹಸಿರು ಅಂದ್ರೆ ಕರುಳಿನಲ್ಲಿ ತಡೆ ಇರಬಹುದು. ಮೂರು ತಿಂಗಳೊಳಗಿನ ಮಗುವಿಗೆ 100.4 ಫ್ಯಾರನ್‌ಹೀಟ್ ಜ್ವರ ಬಂದರೂ, ಹೊಟ್ಟೆ ಉಬ್ಬಿ ಗಟ್ಟಿಯಾದರೂ, ನೆತ್ತಿ ಉಬ್ಬಿಕೊಂಡರೂ, ಮಗು ಹಾಲು ಬಿಟ್ಟು ಮಂಕಾದರೂ ಹಾಗೆಯೇ. ಮಲದಲ್ಲಿ ರಕ್ತ ಕಂಡರೂ ಡಾಕ್ಟರಿಗೆ ತೋರಿಸಬೇಕು. ತೂಕ ಏರದಿದ್ದರೂ ಅಷ್ಟೇ.

ಮನೆಗೆ ಬಂದು ನಾವು ಬದಲಾಯಿಸಿದ್ದು ಸ್ವಲ್ಪವೇ. ಕುಡಿಸುವಾಗ ಮಧ್ಯದಲ್ಲಿ ಒಮ್ಮೆ, ಮುಗಿದ ಮೇಲೆ ಒಮ್ಮೆ ತೇಗಿಸಿ, ಹದಿನೈದು-ಇಪ್ಪತ್ತು ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡ್ಕೊಳ್ಳೋದು. ಅರ್ಧ ಗಂಟೆ ಮುಂಚೆ ಕುಡಿದಿದ್ದರೆ, ಅತ್ತ ತಕ್ಷಣ ಮತ್ತೆ ಹಾಲಿಗೆ ಹೋಗದೆ ಮೊದಲು ಎತ್ಕೊಂಡು ಓಡಾಡೋದು. ಮಲಗಿಸೋದು ಮಾತ್ರ ಯಾವಾಗಲೂ ಅಂಗಾತವೇ. ಕಕ್ಕುತ್ತೆ ಅಂತ ಬೋರಲು ಮಲಗಿಸಿದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ಅಪಾಯ ಹೆಚ್ಚು. ಅಂಗಾತ ಮಲಗಿದ ಆರೋಗ್ಯವಂತ ಮಗು ಬಂದದ್ದನ್ನು ತಾನೇ ನುಂಗುತ್ತೆ, ಇಲ್ಲ ಉಗುಳುತ್ತೆ.

ಒಂದು ಸಂಜೆ ಎರಡೂವರೆ ಗಂಟೆ ಎತ್ಕೊಂಡು ತಿರುಗಿ ನನ್ನ ಕೈ ನಡುಗೋಕೆ ಶುರುವಾಯ್ತು, ಕೋಪವೂ ಬಂತು. ಡಾಕ್ಟರು ಮೊದಲೇ ಹೇಳಿದ್ದರು: ಹಾಗಾದಾಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ, ಅತ್ತರೆ ಅಳಲಿ, ಯಾವತ್ತೂ ಅಲುಗಾಡಿಸಬೇಡಿ, ಮಿದುಳಿಗೆ ಪೆಟ್ಟಾಗುತ್ತೆ. ಹಿತ್ತಲಿಗೆ ಹೋಗಿ ಮುಖ ತೊಳ್ಕೊಂಡು ನಿಂತೆ. ಒಳಗೆ ಬರೋ ಹೊತ್ತಿಗೆ ಅತ್ತೆ ಎತ್ಕೊಂಡಿದ್ದರು.

ಹದಿನಾಲ್ಕನೇ ವಾರದ ಒಂದು ದಿನ ಎಂಟು ಗಂಟೆ ಮೀಟಿಂಗ್ ಮುಗಿಸಿ ಕೆಳಗೆ ಬಂದರೆ ಮನೆ ಸುಮ್ಮನಿತ್ತು. ಮಗಳು ಚಾಪೆ ಮೇಲೆ ಅಂಗಾತ ಮಲಗಿ ಫ್ಯಾನ್ ನೋಡ್ತಿದ್ದಳು. ಎತ್ಕೊಂಡೆ. ಮೀಟಿಂಗ್‌ಗೆ ಅಂತ ಹಾಕಿದ್ದ ಅಂಗಿ ಮೇಲೆ ಕಕ್ಕಿದಳು.