ಕಂಪನಿಯದೊಂದು ಖಾತೆ ಇತ್ತು

‘ಹೋಮ್‌ವರ್ಕ್ ಮುಗೀತೇನೋ?’ ಅಂತ ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾಳೆ. ‘ಕನ್ನಡದ್ದು ಮುಗೀತಮ್ಮ’ ಎನ್ನುತ್ತಾನೆ ಮಗ. ಗಣಿತದ ಮಾತನ್ನೇ ಅವನು ಎತ್ತಿಲ್ಲ. ಆದರೂ ಗಣಿತದ ಪುಸ್ತಕ ಇನ್ನೂ ಚೀಲದಲ್ಲೇ ಇದೆ ಎಂದು ಅಮ್ಮನಿಗೆ ಗೊತ್ತಾಗಿಬಿಡುತ್ತದೆ.

ಇದು ಹೇಗಾಗುತ್ತದೆ ಎಂಬುದನ್ನು ಬ್ರಿಟಿಷ್ ತತ್ವಜ್ಞಾನಿ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಬಿಡಿಸಿಟ್ಟರು. ಎದುರಿನವರು ಕೇಳಿದ್ದಕ್ಕೆ ಸಂಬಂಧಪಟ್ಟದ್ದನ್ನೇ, ಬೇಕಾದಷ್ಟು, ನಿಜವಾಗಿ, ಅರ್ಥವಾಗುವಂತೆ ಹೇಳುತ್ತಾರೆ ಎಂದು ನಂಬಿಕೊಂಡೇ ನಾವು ಮಾತು ಕೇಳುತ್ತೇವೆ. ಎಲ್ಲವೂ ಮುಗಿದಿದ್ದರೆ ಹುಡುಗ ‘ಹೂಂ’ ಅಂದುಬಿಡುತ್ತಿದ್ದ, ಅದೇ ಸುಲಭ. ಹಾಗೆ ಅನ್ನದೆ ಒಂದೇ ವಿಷಯ ಹೇಳಿದನೆಂದರೆ ಉಳಿದದ್ದು ಆಗಿಲ್ಲ. ಈ ಲೆಕ್ಕ ಹಾಕುವವಳು ಅಮ್ಮ. ಹೀಗೆ ಹುಟ್ಟುವ ಸೂಚ್ಯಾರ್ಥಕ್ಕೆ ಗ್ರೈಸ್ ‘ಇಂಪ್ಲಿಕೇಚರ್’ ಎಂದು ಹೆಸರಿಟ್ಟರು.

ಸೂಚ್ಯಾರ್ಥವನ್ನು ಗುರುತಿಸಲು ಒಂದು ಪರೀಕ್ಷೆಯಿದೆ: ಅದನ್ನು ಹಿಂತೆಗೆದುಕೊಳ್ಳಬಹುದು. ‘ಕನ್ನಡದ್ದು ಮುಗೀತು, ಗಣಿತದ್ದೂ ಮುಗೀತು’ ಎಂದರೆ ಮಾತು ಎಲ್ಲೂ ಎಡವುವುದಿಲ್ಲ. ‘ಕನ್ನಡದ್ದು ಮುಗೀತು, ಆದರೆ ಕನ್ನಡದ್ದು ಇನ್ನೂ ಬಾಕಿ ಇದೆ’ ಎಂದು ಮಾತ್ರ ಹೇಳಲಾಗದು. ಬಾಯಿಬಿಟ್ಟು ಹೇಳಿದ್ದಕ್ಕೆ ಹುಡುಗ ಕಟ್ಟುಬಿದ್ದಿದ್ದಾನೆ, ಸೂಚಿಸಿದ್ದರಿಂದ ನುಣುಚಿಕೊಳ್ಳಬಹುದು.

ಈ ನುಣುಚುವಿಕೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಸಾಮ್ಯುಯೆಲ್ ಬ್ರಾನ್‌ಸ್ಟನ್ ದೊಡ್ಡ ಚಲನಚಿತ್ರ ನಿರ್ಮಾಪಕ. ಅವರ ಕಂಪನಿ ದಿವಾಳಿಯೆದ್ದಾಗ, 1966ರ ವಿಚಾರಣೆಯಲ್ಲಿ, ಸ್ವಿಸ್ ಬ್ಯಾಂಕಿನಲ್ಲಿ ನಿಮ್ಮ ಖಾತೆ ಇದೆಯೇ ಎಂದು ವಕೀಲರು ಕೇಳಿದರು. ಇಲ್ಲ ಎಂಬ ಉತ್ತರ ಬಂತು. ಹಿಂದೆ ಎಂದಾದರೂ ಇತ್ತೇ? ಕಂಪನಿಯದೊಂದು ಖಾತೆ ಜೂರಿಕ್‌ನಲ್ಲಿ ಆರು ತಿಂಗಳು ಇತ್ತು ಎಂದರು ಬ್ರಾನ್‌ಸ್ಟನ್. ಎರಡೂ ಉತ್ತರ ಅಕ್ಷರಶಃ ನಿಜ. ಆದರೆ ಜಿನೀವಾದಲ್ಲಿ ಅವರ ಸ್ವಂತ ಖಾತೆಯೇ ಸುಮಾರು ಐದು ವರ್ಷ ಇತ್ತು. ಕೇಳಿದವರು ‘ಸ್ವಂತದ್ದು ಇರಲಿಲ್ಲ’ ಎಂದು ತಾವೇ ತುಂಬಿಕೊಂಡರು, ನಮ್ಮ ಅಮ್ಮನ ಹಾಗೆಯೇ. ವ್ಯತ್ಯಾಸವೆಂದರೆ ಅಮ್ಮನ ಲೆಕ್ಕ ಸರಿಯಿತ್ತು.

ಸುಳ್ಳು ಸಾಕ್ಷ್ಯ ನುಡಿದರೆಂದು ಕೆಳಗಿನ ಕೋರ್ಟು ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1973ರಲ್ಲಿ ಒಮ್ಮತದಿಂದ ರದ್ದು ಮಾಡಿತು. ಉತ್ತರ ದಾರಿ ತಪ್ಪಿಸುವಂತಿದ್ದರೂ ಅಕ್ಷರಶಃ ನಿಜವಾಗಿತ್ತು. ಮತ್ತೊಂದು ಪ್ರಶ್ನೆ ಕೇಳಿ ಸರಿಯಾದ ಉತ್ತರ ಹೊರಡಿಸುವುದು ವಕೀಲರ ಕೆಲಸ ಎಂಬುದು ಅದರ ನಿಲುವು. ಕಾನೂನಿಗೆ ಇದು ಸರಿಯೇ ಇರಬಹುದು, ಮನೆಯಲ್ಲಿ ನಡೆಯುವುದಿಲ್ಲ. ಗಂಡಿನ ಬಗ್ಗೆ ವಿಚಾರಿಸಲು ಹೋದವರಿಗೆ ಪಕ್ಕದ ಮನೆಯವರು ‘ಅವರ ತಾಯಿ ಬಹಳ ಒಳ್ಳೆಯವರು ಕಣ್ರೀ’ ಎಂದಷ್ಟೇ ಹೇಳಿ ಕಾಫಿ ತರಲು ಎದ್ದರೆ, ಅನುಭವಸ್ಥರು ಅಷ್ಟಕ್ಕೇ ಬಿಡುವುದಿಲ್ಲ. ಕಾಫಿ ಬಂದ ಮೇಲೆ ‘ಅದಿರಲಿ, ಹುಡುಗ ಹೇಗೆ?’ ಎನ್ನುತ್ತಾರೆ.