ಐದು ನಿಮಿಷ, ಹತ್ತು ಸಾಲು

ಫಸ್ಟ್ ಲೆಗೊ ಲೀಗ್ ಶಾಲಾ ಮಕ್ಕಳ ರೋಬೋಟ್ ಸ್ಪರ್ಧೆ ಎಂದೇ ಹೆಸರಾಗಿದ್ದರೂ ಅದರಲ್ಲಿ ಇನ್ನೋವೇಶನ್ ಪ್ರಾಜೆಕ್ಟ್ ಎಂಬ ಇನ್ನೊಂದು ಭಾಗವಿದೆ. ಆ ವರ್ಷದ ವಿಷಯಕ್ಕೆ ಸೇರಿದ ಒಂದು ಸಮಸ್ಯೆಯನ್ನು ತಂಡ ಆರಿಸಿಕೊಂಡು, ಅದಕ್ಕೊಂದು ಪರಿಹಾರ ರೂಪಿಸಿ, ತೀರ್ಪುಗಾರರ ಮುಂದೆ ಐದು ನಿಮಿಷದಲ್ಲಿ ಮಂಡಿಸಬೇಕು. ಬಳಿಕ ಇನ್ನೈದು ನಿಮಿಷ ಪ್ರಶ್ನೋತ್ತರ. ತೀರ್ಪುಗಾರರು ಅಂಕ ಹಾಕುವ ರೂಬ್ರಿಕ್, ಅಂದರೆ ಮೌಲ್ಯಮಾಪನ ಪಟ್ಟಿ, ಗುಟ್ಟಿನ ಕಾಗದವಲ್ಲ. ಅದು ತಂಡಗಳಿಗೆ ಮೊದಲೇ ಸಿಗುತ್ತದೆ.

ಪಟ್ಟಿಯಲ್ಲಿ ಐದು ಭಾಗಗಳಿವೆ: ಸಮಸ್ಯೆಯನ್ನು ಗುರುತಿಸುವುದು, ಯೋಜಿಸುವುದು, ರೂಪಿಸುವುದು, ತಿದ್ದುವುದು, ತಿಳಿಸುವುದು. ಒಂದೊಂದರಲ್ಲೂ ಎರಡು ಸಾಲು, ಒಟ್ಟು ಹತ್ತು. ಪ್ರತಿ ಸಾಲಿಗೂ 1ರಿಂದ 4ರವರೆಗೆ ಅಂಕ, ಎಲ್ಲ ಸಾಲುಗಳಿಗೂ ಒಂದೇ ತೂಕ. ಮಂಡನೆಯ ರೂಪ ನಿರ್ಧಾರವಾಗಬೇಕಾದದ್ದು ಈ ಸಂಗತಿಯಿಂದಲೇ. ತಯಾರಿಸಿದ ಸಾಧನದ ಬಗ್ಗೆ ಮಕ್ಕಳಿಗೆ ಅಭಿಮಾನ ಹೆಚ್ಚು, ಹಾಗಾಗಿ ಮೂರೂವರೆ ನಿಮಿಷ ಅದರ ವರ್ಣನೆಗೇ ಹೋಗುತ್ತದೆ. ಆದರೆ ಸಾಧನ ನೇರವಾಗಿ ಉತ್ತರಿಸುವುದು ‘ರೂಪಿಸುವುದು’ ಎಂಬ ಎರಡು ಸಾಲಿಗೆ ಮಾತ್ರ. ಪರಿಹಾರ ಎಷ್ಟೇ ಚೆನ್ನಾಗಿದ್ದರೂ ಆ ಎರಡು ಸಾಲು ಎಂಟಕ್ಕಿಂತ ಹೆಚ್ಚು ಅಂಕ ಕೊಡಲಾರವು.

2022-23ರ ಸ್ಪರ್ಧೆಯ ವಿಷಯ ಶಕ್ತಿ, ಅಂದರೆ ಎನರ್ಜಿ. ಆ ವಿಷಯಕ್ಕೆ ಒಂದು ಕಾಲ್ಪನಿಕ ತಂಡ ತನ್ನ ಶಾಲೆಯ ಖಾಲಿ ಕೊಠಡಿಗಳಲ್ಲಿ ತಿರುಗುತ್ತಲೇ ಇರುವ ಫ್ಯಾನುಗಳನ್ನು ಆರಿಸಿಕೊಂಡಿತು ಎಂದಿಟ್ಟುಕೊಳ್ಳೋಣ. ಮೊದಲ ಎಂಬತ್ತು ಸೆಕೆಂಡು ಸಮಸ್ಯೆಗೆ ಮತ್ತು ಅದರ ಅಧ್ಯಯನಕ್ಕೆ. ‘ವಿದ್ಯುತ್ ಪೋಲಾಗುತ್ತಿದೆ’ ಎಂದಷ್ಟೇ ಹೇಳಿದರೆ ಸಮಸ್ಯೆ ಸ್ಪಷ್ಟವಾಗುವುದಿಲ್ಲ. 75 ವ್ಯಾಟ್‌ನ ನಾಲ್ಕು ಫ್ಯಾನು ದಿನಕ್ಕೆ ಎರಡು ಗಂಟೆ ವ್ಯರ್ಥವಾಗಿ ತಿರುಗಿದರೆ ಒಂದು ಕೊಠಡಿಯಲ್ಲೇ 0.6 ಯೂನಿಟ್ ಹೋಗುತ್ತದೆ ಎಂದರೆ ಸ್ಪಷ್ಟವಾಗುತ್ತದೆ. ಅಧ್ಯಯನದ ಸಾಲು ಬೇರೆ ಬೇರೆ ಮೂಲಗಳನ್ನು ಕೇಳುವುದರಿಂದ ಎಲೆಕ್ಟ್ರಿಷಿಯನ್, ಶಾಲೆಯ ವಿದ್ಯುತ್ ಬಿಲ್ಲು, ಓದಿದ ಪುಸ್ತಕ ಮೂರೂ ಬಾಯಲ್ಲಿ ಬರಬೇಕು.

ಮುಂದಿನ ಅರವತ್ತೈದು ಸೆಕೆಂಡು ಯೋಜನೆಗೆ. ತಂಡಗಳು ಹೆಚ್ಚಾಗಿ ಬಿಟ್ಟೇಬಿಡುವ ಭಾಗವಿದು. ಗೆದ್ದ ಉಪಾಯವನ್ನಷ್ಟೇ ಅಲ್ಲ, ಕೈಬಿಟ್ಟ ಉಪಾಯಗಳನ್ನೂ, ಅವನ್ನು ಏಕೆ ಬಿಟ್ಟರೆಂಬುದನ್ನೂ, ಯಾರು ಯಾವ ಕೆಲಸ ಹೊತ್ತರೆಂಬುದನ್ನೂ ಇಲ್ಲಿ ಹೇಳಬೇಕು. ನಂತರದ ಒಂದು ನಿಮಿಷ ಸಾಧನಕ್ಕೆ. ಮಾದರಿ ಕೈಯಲ್ಲಿದ್ದರೆ ವರ್ಣನೆ ತಾನಾಗಿ ಚಿಕ್ಕದಾಗುತ್ತದೆ.

‘ತಿದ್ದುವುದು’ ಎಂಬ ಭಾಗಕ್ಕೂ ಅಷ್ಟೇ ಸಮಯ ಬೇಕು. ಈ ತಂಡ ಮೊದಲು ಬಳಸಿದ್ದು ಚಲನೆಯನ್ನು ಗುರುತಿಸುವ ಸೆನ್ಸರ್. ಮಕ್ಕಳು ಅಲುಗಾಡದೆ ಕುಳಿತು ಪರೀಕ್ಷೆ ಬರೆಯುವಾಗ ಕೊಠಡಿ ಖಾಲಿಯಿದೆ ಎಂದುಕೊಂಡು ಅದು ಫ್ಯಾನು ನಿಲ್ಲಿಸಿತು. ಕೊಠಡಿಗೆ ಬೀಗ ಹಾಕುವ ಅಟೆಂಡರ್ ಅದನ್ನು ನೋಡಿ, ಬಾಗಿಲ ಹೊರಚಿಲಕಕ್ಕೇ ಸ್ವಿಚ್ ಜೋಡಿಸಬಾರದೇಕೆ ಎಂದು ಕೇಳಿದರು. ಹಳೆಯ ಮಾದರಿಯನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು ಇಷ್ಟು ಹೇಳಿದರೆ, ಯಾರ ಅಭಿಪ್ರಾಯ ಪಡೆದರು, ಅದರಿಂದ ಏನು ಬದಲಾಯಿತು ಎಂಬ ಎರಡೂ ಸಾಲಿಗೆ ಸಾಕ್ಷ್ಯ ಸಿಗುತ್ತದೆ. ‘ಅನೇಕರ ಸಲಹೆ ಪಡೆದು ಸುಧಾರಿಸಿದೆವು’ ಎಂಬ ವಾಕ್ಯ ಪಟ್ಟಿಯ ಮಾತನ್ನೇ ಮರಳಿ ಒಪ್ಪಿಸುತ್ತದೆ, ಹೆಚ್ಚಿನ ಅಂಕ ತರುವುದಿಲ್ಲ. 4 ಅಂಕ ಕೊಡುವ ತೀರ್ಪುಗಾರರು ತಂಡ ಯಾವ ರೀತಿಯಲ್ಲಿ ನಿರೀಕ್ಷೆ ಮೀರಿತು ಎಂದು ಬರೆಯಬೇಕಾಗುತ್ತದೆ. ಅವರು ಬರೆಯಬಹುದಾದ ಇಂಥ ಒಂದು ವಿವರವನ್ನು ತಂಡವೇ ಒದಗಿಸಬೇಕು.

ಕೊನೆಯ ಅರ್ಧ ನಿಮಿಷ ಪರಿಹಾರದಿಂದ ಯಾರಿಗೆ ಎಷ್ಟು ಪ್ರಯೋಜನ ಎಂಬುದಕ್ಕೆ. ಹನ್ನೆರಡು ಕೊಠಡಿಗೆ ದಿನಕ್ಕೆ 7.2 ಯೂನಿಟ್ ಉಳಿತಾಯ ಎಂಬ ಲೆಕ್ಕ ಇಲ್ಲಿಗೆ ಸೇರುತ್ತದೆ. ‘ತಿಳಿಸುವುದು’ ಭಾಗದ ಇನ್ನೊಂದು ಸಾಲು ಇಡೀ ಮಂಡನೆಯನ್ನು ಅಳೆಯುವುದರಿಂದ ಅದಕ್ಕೆ ಪ್ರತ್ಯೇಕ ಸಮಯ ಬೇಡ.

ಚಿಲಕದ ಸ್ವಿಚ್ಚಿನ ವೈರಿಂಗ್, ಊಟದ ಬಿಡುವಿನಲ್ಲಿ ಬಾಗಿಲು ತೆರೆದೇ ಇರುವ ತೊಡಕು, ಖರ್ಚಿನ ವಿವರ ಇವೆಲ್ಲ ಪ್ರಶ್ನೋತ್ತರಕ್ಕೆ ಉಳಿಯಲಿ. ತೀರ್ಪುಗಾರರು ತಮ್ಮ ಪಟ್ಟಿಯಲ್ಲಿ ಖಾಲಿ ಉಳಿದ ಸಾಲುಗಳನ್ನು ತುಂಬಿಕೊಳ್ಳಲೂ ಪ್ರಶ್ನೆ ಕೇಳುತ್ತಾರೆ. ಆ ಐದು ನಿಮಿಷ ಹೇಳದೆ ಬಿಟ್ಟದ್ದನ್ನು ಹುಡುಕುವುದರಲ್ಲೇ ಕಳೆದರೆ ಆಳವಾದ ಪ್ರಶ್ನೆಗೆ ಜಾಗವಿರುವುದಿಲ್ಲ.

ಅಭ್ಯಾಸದ ವೇಳೆ ಪ್ರಾಜೆಕ್ಟಿನ ಬಗ್ಗೆ ಏನೂ ತಿಳಿಯದ ಒಬ್ಬರ ಕೈಗೆ ಪಟ್ಟಿ ಕೊಟ್ಟು, ಪ್ರತಿ ಸಾಲಿಗೂ ತಾವು ಕೇಳಿಸಿಕೊಂಡ ಸಾಕ್ಷ್ಯವನ್ನು ಬರೆಯಲು ಹೇಳಬೇಕು. ಖಾಲಿ ಉಳಿದ ಸಾಲಿಗೆ ಎರಡು ಕಾರಣಗಳಿರಬಹುದು. ಕೆಲಸ ಮಾಡಿಯೂ ಹೇಳದಿದ್ದರೆ ಬೇರೆ ಕಡೆಯಿಂದ ಸೆಕೆಂಡು ಕಿತ್ತು ಅಲ್ಲಿಗೆ ಹಾಕಬಹುದು. ಕೆಲಸವನ್ನೇ ಮಾಡದಿದ್ದರೆ ಮಾತಿನ ಜೋಡಣೆಯಿಂದ ಆ ಸಾಲು ತುಂಬುವುದಿಲ್ಲ. ಆದ್ದರಿಂದ ಶಿಕ್ಷಕರು ಈ ಪಟ್ಟಿಯನ್ನು ಮಂಡನೆಯ ಹಿಂದಿನ ವಾರವಲ್ಲ, ಸಮಸ್ಯೆ ಆರಿಸುವ ದಿನವೇ ಮಕ್ಕಳ ಮುಂದಿಡಬೇಕು.