ಸ್ಟಿಕರ್‌ಗೆ ಬಂದ ಪ್ರಶ್ನೆ: ಚಿತ್ರಾನ್ನದ ಡಬ್ಬಿಯಲ್ಲಿ ಏನು ಕಮ್ಮಿ?

'ಮಕ್ಕಳ ಸ್ಕೂಲ್ ಡಬ್ಬಿ ಬಗ್ಗೆ ಏನು ಬೇಕಾದ್ರೂ ಕೇಳಿ' ಅಂತ ಇನ್‌ಸ್ಟಾಗ್ರಾಂ ಸ್ಟೋರಿಯಲ್ಲಿ ಪ್ರಶ್ನೆ ಸ್ಟಿಕರ್ ಹಾಕಿದಾಗಲೆಲ್ಲ ನನಗೆ ಎರಡು ತರದ ಪ್ರಶ್ನೆ ಬರುತ್ತವೆ. ಬೆಂಗಳೂರಿನವರು ಕೀನ್ವಾ, ಅವಕಾಡೊ ಕೇಳುತ್ತಾರೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಅಮ್ಮಂದಿರ ಪ್ರಶ್ನೆ ಬೇರೆ. 'ಅಕ್ಕಾ, ವ್ಯಾನು ಏಳೂಕಾಲಕ್ಕೇ ಬಂದ್ಬುಡ್ತದೆ. ದಿನಾ ಚಿತ್ರಾನ್ನ ಕಟ್ತೀನಿ. ಪರ್ವಾಗಿಲ್ವಾ?'

ಸ್ಟೋರಿಯ ಉತ್ತರ 24 ಗಂಟೆಯಲ್ಲಿ ಮಾಯವಾಗುತ್ತದೆ. ಈ ಪ್ರಶ್ನೆಗೆ ಅಷ್ಟು ಸಣ್ಣ ಉತ್ತರ ಸಾಲದು. ಯಾಕಂದ್ರೆ ಇದನ್ನು ಕೇಳುವವರಲ್ಲಿ ಹೆಚ್ಚಿನವರು ಮಕ್ಕಳನ್ನು ಕಡಿಮೆ ಫೀಸಿನ ಖಾಸಗಿ ಶಾಲೆಗೆ ಕಳಿಸುವವರು. ಸರ್ಕಾರಿ ಶಾಲೆಯ ಮಗುವಿಗೆ ಡಬ್ಬಿಯೇ ಬೇಕಿಲ್ಲ, ಅಲ್ಲಿ ಬಿಸಿಯೂಟ ಇದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮಧ್ಯಾಹ್ನದೂಟದ ಹಕ್ಕನ್ನು ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಕೊಟ್ಟಿದೆ. ಕೂಲಿ ದುಡ್ಡಿನಲ್ಲಿ ಫೀಸು ಕಟ್ಟಿ ಇಂಗ್ಲಿಷ್ ಮೀಡಿಯಂಗೆ ಸೇರಿಸಿದ ಮನೆಯ ಮಗು ಆ ಗೆರೆಯ ಆಚೆ ಬೀಳುತ್ತದೆ. ಆ ಮಗುವಿನ ಬಿಸಿಯೂಟ ಅಮ್ಮ ಬೆಳಿಗ್ಗೆ ಕಟ್ಟುವ ಡಬ್ಬಿ ಅಷ್ಟೇ.

ಹಾಗಾದರೆ ಆ ಡಬ್ಬಿಯನ್ನು ಬಿಸಿಯೂಟದ ಪಕ್ಕ ಇಟ್ಟು ನೋಡೋಣ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಕೇಂದ್ರದ ಮಾನದಂಡ ಒಂದು ಊಟಕ್ಕೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಅದಕ್ಕಾಗಿ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಅಂತ ಲೆಕ್ಕ ಹಾಕಿದ್ದಾರೆ.

ಈಗ ಮೂರನೇ ಕ್ಲಾಸಿನ ಒಂದು ಮಗುವಿನ ಚಿತ್ರಾನ್ನ. ಸಾಮಾನ್ಯ ಸ್ಟೀಲ್ ಡಬ್ಬಿಗೆ ಹಿಡಿಯುವುದು ಸುಮಾರು 60 ಗ್ರಾಂ ಅಕ್ಕಿಯ ಅನ್ನ. ಅದರಲ್ಲಿ ಪ್ರೋಟೀನ್ ನಾಲ್ಕೂವರೆ ಗ್ರಾಂ. ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ, ಚೂರು ಕಡಲೆಬೇಳೆ, ಎಣಿಸಿ ಹಾಕಿದ ನಾಲ್ಕು ಕಡಲೆಕಾಯಿ ಬೀಜ ಸೇರಿದರೆ ಇನ್ನೊಂದು ಗ್ರಾಂ. ಕ್ಯಾಲೊರಿ 330ರ ಹತ್ತಿರ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ. ಪ್ರೋಟೀನ್ ಮಾತ್ರ ಆರು ಗ್ರಾಂ ಕೂಡ ಮುಟ್ಟುವುದಿಲ್ಲ. ಅಂದರೆ ಬಿಸಿಯೂಟದ ಮಾನದಂಡದ ಅರ್ಧ. ಡಬ್ಬಿ ಖಾಲಿಯಾಗಿ ವಾಪಸ್ ಬರುವುದರಿಂದ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಚಿತ್ರಾನ್ನವನ್ನೇ ಬಿಡಿ ಅಂತ ನಾನು ಹೇಳಲ್ಲ. ಏಳು ಗಂಟೆಗೆ ಅದಕ್ಕಿಂತ ಬೇಗ ಆಗೋದು ಇನ್ನೇನಿದೆ? ಅದೇ ಡಬ್ಬಿಗೆ ಇನ್ನೂ 25 ಗ್ರಾಂ, ಅಂದರೆ ಒಂದು ಸಣ್ಣ ಹಿಡಿ, ಕಡಲೆಕಾಯಿ ಬೀಜ ಹುರಿದು ಹಾಕಿ. ಆರು ಗ್ರಾಂ ಪ್ರೋಟೀನ್, 140 ಕ್ಯಾಲೊರಿ ಸೇರಿ ಎರಡೂ ಲೆಕ್ಕ ಮಾನದಂಡಕ್ಕೆ ಬಂದು ನಿಲ್ಲುತ್ತವೆ. ಬೀಜಕ್ಕೆ ಅಲರ್ಜಿ ಇರುವ ಮಗುವಾದರೆ ಇದು ಬೇಡವೇ ಬೇಡ. ಅದರ ಬದಲು 30 ಗ್ರಾಂ ಹುರುಳಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಉಸ್ಲಿ ಮಾಡಿದರೆ ಅಷ್ಟೇ ಪ್ರೋಟೀನ್ ಸಿಗುತ್ತದೆ, ಜೊತೆಗೆ ಕಬ್ಬಿಣಾಂಶವೂ. ಚಿತ್ರಾನ್ನದಲ್ಲಿ ಹೇಗೂ ನಿಂಬೆಹಣ್ಣು ಇದ್ದೇ ಇದೆ. ಕಾಳಿನ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನಿಂಬೆಯ ವಿಟಮಿನ್ ಸಿ ಸಹಾಯ ಮಾಡುತ್ತದೆ. ಆದರೆ ಒಲೆ ಆರಿಸಿದ ಮೇಲೆ ಹಿಂಡಬೇಕು, ಕಾಯಿಸಿದರೆ ವಿಟಮಿನ್ ಕಮ್ಮಿಯಾಗುತ್ತದೆ. ಊಟದ ಜೊತೆಗೆ ಟೀ ಕುಡಿಸುವ ಮನೆಗಳಿವೆ. ಟೀ ಇದೇ ಕಬ್ಬಿಣವನ್ನು ತಡೆಯುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇರುವ ರಾಜ್ಯ ನಮ್ಮದು (ಇದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ). ಅದೇ ಮಕ್ಕಳು ಈಗ ಶಾಲೆಯಲ್ಲಿದ್ದಾರೆ.

'ರಾಗಿ ಕೊಟ್ರೆ ಎಲ್ಲಾ ಸರಿಹೋಗ್ತದಲ್ವಾ?' ಅನ್ನುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ನಮ್ಮ ಸೀಮೆಯಲ್ಲಿ ರಾಗಿ ಬಗ್ಗೆ ಅಭಿಮಾನ ಜಾಸ್ತಿ, ನನಗೂ ಇದೆ. ಆದರೆ ಪ್ರೋಟೀನ್ ವಿಷಯದಲ್ಲಿ ರಾಗಿ, ಅಕ್ಕಿ ಹೆಚ್ಚುಕಮ್ಮಿ ಒಂದೇ. ರಾಗಿ ಗೆಲ್ಲುವುದು ಸುಣ್ಣದಂಶದಲ್ಲಿ: 60 ಗ್ರಾಂ ಹಿಟ್ಟಿನಲ್ಲಿ 200 ಮಿಲಿಗ್ರಾಂ ದಾಟುತ್ತದೆ, ಹತ್ತಿರಹತ್ತಿರ ಒಂದು ಲೋಟ ಹಾಲಿನಷ್ಟು. ಹಾಗಾಗಿ ರಾಗಿ ರೊಟ್ಟಿ ಕಟ್ಟಿದ ದಿನವೂ ಪಕ್ಕದಲ್ಲಿ ಕಾಳೋ ಬೀಜವೋ ಇರಲೇಬೇಕು. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಗಟ್ಟಿಯಾಗುತ್ತದೆ ಅನ್ನುವವರು ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ, ಬೇಯಿಸಿದ ಸೊಪ್ಪು ಸೇರಿಸಿ, ತೆಳ್ಳಗೆ ತಟ್ಟಿ, ಬಟ್ಟೆಯಲ್ಲಿ ಸುತ್ತಿಡಿ. ಮೆತ್ತಗೇ ಇರುತ್ತದೆ. 'ಕ್ಲಾಸಲ್ಲಿ ಕಪ್ಪು ರೊಟ್ಟಿ ಅಂತ ನಗ್ತಾರೆ' ಅಂತಲೂ ಒಬ್ಬರು ಬರೆದಿದ್ದರು. ಅದಕ್ಕೆ ನನ್ನ ಹತ್ತಿರ ರೆಸಿಪಿ ಇಲ್ಲ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಚಿತ್ರಾನ್ನಕ್ಕೆ ಬಹಳ ಮನೆಗಳಲ್ಲಿ ಬಳಸುವುದು ರಾತ್ರಿ ಉಳಿದ ಅನ್ನ. ಹೊರಗೇ ಇಟ್ಟಿದ್ದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಣಗಳು ಅನ್ನ ಬೇಯುವಾಗಲೂ ಸಾಯುವುದಿಲ್ಲ. ಅದು ಬಿಡುವ ವಿಷ ಬೆಳಿಗ್ಗೆಯ ಒಗ್ಗರಣೆಗೂ ಜಗ್ಗುವುದಿಲ್ಲ. ಅನ್ನ ಹಳಸಿದ ವಾಸನೆ ಬಾರದೇ ಇರಬಹುದು, ಅರಿಶಿನ, ನಿಂಬೆ ಬಿದ್ದ ಮೇಲಂತೂ ಗೊತ್ತೇ ಆಗುವುದಿಲ್ಲ. ಊಟವಾಗಿ ಒಂದರಿಂದ ಆರು ಗಂಟೆಯೊಳಗೆ ಮಗು ವಾಂತಿ ಮಾಡಿಕೊಂಡರೆ ಮೊದಲು ಈ ಅನ್ನದ ಮೇಲೆ ಅನುಮಾನ ಪಡಿ. ರಾತ್ರಿ ಅನ್ನವೇ ಬೇಕಾದರೆ ಬೇಯಿಸಿದ ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ ಇಲ್ಲದಿದ್ದರೆ ಬೆಳಿಗ್ಗೆಯೇ ಬೇಯಿಸಿ, ಅಗಲ ತಟ್ಟೆಯಲ್ಲಿ ಹತ್ತು ನಿಮಿಷ ಹರಡಿ, ಹಬೆ ಹೋದ ಮೇಲೆ ಕಲಸಿ ಮುಚ್ಚಳ ಹಾಕಿ.

ಇನ್ನು ಮೊಟ್ಟೆ. ಒಂದು ಬೇಯಿಸಿದ ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಚಿತ್ರಾನ್ನದ ಕೊರತೆ ಅದೊಂದರಿಂದಲೇ ತುಂಬುತ್ತದೆ. ಸಿಪ್ಪೆ ಸಮೇತ ಕಳಿಸಿದರೆ ಮಧ್ಯಾಹ್ನದವರೆಗೆ ಇರುತ್ತದೆ. ಆದರೆ ಹೀಗೆ ಉತ್ತರ ಹಾಕಿದ ತಕ್ಷಣ ಬಂದ ಮೆಸೇಜು: 'ಮೇಡಂ, ನಮ್ ಸ್ಕೂಲಲ್ಲಿ ಡಬ್ಬಿಗೆ ಮೊಟ್ಟೆ ಹಾಕಂಗಿಲ್ಲ. ಡೈರಿಲೇ ಬರ್ದವ್ರೆ.' ಅದನ್ನು ಬರೆದಾಕೆ ಮೊಟ್ಟೆ ತಿನ್ನುವ ಮನೆಯವರು.

ಈ ಡೈರಿಯ ಸಾಲನ್ನು ರಾಜ್ಯದ ಲೆಕ್ಕದ ಪಕ್ಕ ಇಟ್ಟು ನೋಡಿ. 2021ರಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ನಿಲ್ಲಲಿಲ್ಲ. ಮೊದಲು ಕಲ್ಯಾಣ ಕರ್ನಾಟಕದ ಕಡೆಯ ಜಿಲ್ಲೆಗಳಲ್ಲಿ ಶುರುವಾದದ್ದು ಆಮೇಲೆ ಇಡೀ ರಾಜ್ಯಕ್ಕೆ ಬಂತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ಹಣ ಸೇರಿ ವಾರಕ್ಕೆ ಆರು ದಿನವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಒಂದು ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಅಷ್ಟೇ ಅನ್ನುವುದು ಬೇರೆ ಜಗಳ. ಅಂತೂ ಸರ್ಕಾರಿ ಶಾಲೆಯ ಮಗು ಮೊಟ್ಟೆ ತಿನ್ನಬೇಕೋ ಬೇಡವೋ ಅನ್ನುವುದು ಅದರ ಮನೆಯ ಆಯ್ಕೆ. ಫೀಸು ಕಟ್ಟುವ ಮನೆಗೆ ಆ ಆಯ್ಕೆಯೇ ಇಲ್ಲ. ಹೊರಗೆ ದೊಡ್ಡ ಗಲಾಟೆಯಾಗಿ ಸೋತ ವಾದವೊಂದು ಡೈರಿಯ ಒಂದು ಸಾಲಾಗಿ, ಯಾರೂ ಪ್ರಶ್ನಿಸದೆ, ಒಳಗೆ ಗೆದ್ದು ಕೂತಿದೆ.

ಆ ಅಮ್ಮನಿಗೆ ನಾನು ಎರಡು ಮಾತು ಬರೆದೆ. ಮೊಟ್ಟೆ ಬೆಳಿಗ್ಗೆ ವ್ಯಾನ್ ಬರುವ ಮುಂಚೆ ಮನೆಯಲ್ಲೇ ತಿನ್ನಿಸಿ, ಡಬ್ಬಿಗೆ ಬೀಜ ಅಥವಾ ಹುರುಳಿ ಹಾಕಿ. ಮುಂದಿನ ಪೋಷಕರ ಸಭೆಯಲ್ಲಿ ಆ ನಿಯಮ ಯಾರು, ಯಾವಾಗ, ಯಾವ ಕಾರಣಕ್ಕೆ ಮಾಡಿದ್ದು ಅಂತ ಲಿಖಿತವಾಗಿ ಕೇಳಿ. ಒಬ್ಬರೇ ಹೋಗಬೇಡಿ, ಅದೇ ವ್ಯಾನಿನಲ್ಲಿ ಮಕ್ಕಳನ್ನು ಕಳಿಸುವ ನಾಲ್ಕು ಮನೆಯವರು ಸೇರಿ ಹೋಗಿ. 'ಕೇಳ್ತೀನಿ ಮೇಡಂ, ಆದ್ರೆ ಮಗೂಗೆ ಏನೂ ಅನ್ನಲ್ಲ ತಾನೇ?' ಅಂತ ವಾಪಸ್ ಬರೆದಿದ್ದಾರೆ.